ಒಂದೇ ಅಪಘಾತ, ಎರಡು ಸಾವು: ಆಸ್ತಿ ಯಾರ ಪಾಲಿಗೆ?

ಒಂದು ಕುಟುಂಬವನ್ನು ಊಹಿಸಿಕೊಳ್ಳೋಣ. ಅಪ್ಪನಿಗೆ 61 ವರ್ಷ, ಮಗನಿಗೆ 33. ಇಬ್ಬರೂ ರಾತ್ರಿ ಕಾರಿನಲ್ಲಿ ಹೊರಟಿದ್ದಾಗ, ಹೆದ್ದಾರಿಯ ಪಕ್ಕ ನಿಂತಿದ್ದ ಲಾರಿಗೆ ಕಾರು ಗುದ್ದುತ್ತದೆ. ಜನ ಸೇರುವ ಹೊತ್ತಿಗೆ ಇಬ್ಬರಲ್ಲೂ ಉಸಿರಿಲ್ಲ. ಮನೆಯಲ್ಲಿ ಉಳಿದವರು ತಾಯಿ, ಮದುವೆಯಾದ ಮಗಳು ಮತ್ತು ಇನ್ನೂ ಮಕ್ಕಳಾಗದ ಸೊಸೆ. ಅಪ್ಪ ದುಡಿದು ಮಾಡಿದ ಮನೆ, ಸೈಟು, ಬ್ಯಾಂಕ್ ಠೇವಣಿ ಎಲ್ಲ ಸೇರಿ 90 ಲಕ್ಷ ರೂಪಾಯಿ ಎಂದಿಟ್ಟುಕೊಳ್ಳಿ. ಅವರು ವಿಲ್ ಬರೆದಿಲ್ಲ.

ಹದಿಮೂರು ದಿನದ ಕಾರ್ಯಗಳೆಲ್ಲ ಮುಗಿದ ಮೇಲೆ ವಂಶವೃಕ್ಷ ಮಾಡಿಸಲು, ಖಾತೆ ಬದಲಾಯಿಸಲು ಓಡಾಟ ಶುರುವಾಗುತ್ತದೆ. ಆಗ ಯಾರೂ ಬಾಯಿಬಿಟ್ಟು ಕೇಳಲು ಇಷ್ಟಪಡದ ಪ್ರಶ್ನೆಯೊಂದು ಎದುರಾಗುತ್ತದೆ. ಇಬ್ಬರಲ್ಲಿ ಮೊದಲು ಹೋದವರು ಯಾರು? ಅಪ್ಪ ಒಂದು ನಿಮಿಷ ಮೊದಲು ಹೋಗಿದ್ದರೆ, ಆ ಒಂದು ನಿಮಿಷದ ಮಟ್ಟಿಗೆ ಮಗ ಅಪ್ಪನ ವಾರಸುದಾರ. ಮಗ ಮೊದಲು ಹೋಗಿದ್ದರೆ ಅವನಿಗೆ ಏನೂ ಬಂದೇ ಇಲ್ಲ. ಉತ್ತರಾಧಿಕಾರ ಎನ್ನುವುದು ಸಾವಿನ ಕ್ಷಣದಲ್ಲೇ ತೀರ್ಮಾನವಾಗಿಬಿಡುವ ಸಂಗತಿ. ಆ ಕ್ಷಣಕ್ಕೆ ಬದುಕಿದ್ದವರಿಗೆ ಮಾತ್ರ ಪಾಲು.

ಇಂಥ ಸಂದರ್ಭಕ್ಕೆಂದೇ 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯಲ್ಲಿ 21ನೇ ಸೆಕ್ಷನ್ ಇದೆ. ಇಬ್ಬರಲ್ಲಿ ಯಾರು ಮೊದಲು ತೀರಿಕೊಂಡರು ಎಂದು ಹೇಳಲಾಗದಿದ್ದರೆ, ಆಸ್ತಿಯ ಮಟ್ಟಿಗೆ, ಹಿರಿಯರು ಮೊದಲು ಹೋದರು, ಕಿರಿಯರು ಅವರ ನಂತರವೂ ಬದುಕಿದ್ದರು ಎಂದು ಭಾವಿಸಬೇಕು. ಬೇರೆ ರೀತಿ ನಡೆಯಿತು ಎಂದು ಯಾರಾದರೂ ಸಾಬೀತು ಮಾಡುವವರೆಗೆ ಈ ಭಾವನೆಯೇ ಸತ್ಯ. ಇಂಗ್ಲೆಂಡಿನ 1925ರ ಆಸ್ತಿ ಕಾನೂನಿನಲ್ಲೂ ಇದೇ ನಿಯಮವಿತ್ತು. 1940ರ ಸೆಪ್ಟೆಂಬರಿನಲ್ಲಿ ಲಂಡನ್ನಿನ ಚೆಲ್ಸಿಯಲ್ಲಿ ಮನೆಯೊಂದರ ಮೇಲೆ ಜರ್ಮನ್ ಬಾಂಬು ಬಿದ್ದು, ನೆಲಮಾಳಿಗೆಯಲ್ಲಿ ಆಶ್ರಯ ಪಡೆದಿದ್ದವರು ಒಟ್ಟಿಗೆ ಸತ್ತಾಗ ಒಂದು ವಾದ ಎದ್ದಿತು. ಎಲ್ಲರೂ ಒಂದೇ ಕ್ಷಣದಲ್ಲಿ ಸತ್ತಿದ್ದಾರೆ, ಹಾಗಾಗಿ ಯಾರು ಮೊದಲು ಎಂಬ ಸಂಶಯಕ್ಕೆ ಎಡೆಯೇ ಇಲ್ಲ ಎಂಬುದು ಆ ವಾದ. ಪ್ರಕರಣ ಹೌಸ್ ಆಫ್ ಲಾರ್ಡ್ಸ್‌ವರೆಗೂ ಹೋಯಿತು. 1945ರಲ್ಲಿ ಮೂವರು ನ್ಯಾಯಾಧೀಶರು ವಾದವನ್ನು ಒಪ್ಪಲಿಲ್ಲ, ಇಬ್ಬರು ಒಪ್ಪಿದರು. ಒಂದೇ ಸ್ಫೋಟದಲ್ಲಿ ಸತ್ತರೂ ಕ್ಷಣದ ಲೆಕ್ಕ ಯಾರಿಗೂ ಗೊತ್ತಿಲ್ಲವಾದ್ದರಿಂದ ವಯಸ್ಸಿನ ನಿಯಮವೇ ಅನ್ವಯಿಸುತ್ತದೆ ಎಂದಾಯಿತು.

ಈಗ ನಮ್ಮ ಲೆಕ್ಕಕ್ಕೆ ಬರೋಣ. 21ನೇ ಸೆಕ್ಷನ್ ಪ್ರಕಾರ ಮಗ ಅಪ್ಪನಿಗಿಂತ ಒಂದು ಗಳಿಗೆ ಹೆಚ್ಚು ಬದುಕಿದ್ದ. ಅಪ್ಪನ 90 ಲಕ್ಷ ತಾಯಿ, ಮಗಳು, ಮಗ ಈ ಮೂವರಿಗೆ 30 ಲಕ್ಷದಂತೆ ಹಂಚಿಹೋಗುತ್ತದೆ. ಮಗನೂ ಈಗ ಇಲ್ಲ. ಅವನ 30 ಲಕ್ಷಕ್ಕೆ ಮೊದಲ ದರ್ಜೆಯ ವಾರಸುದಾರರು ಅವನ ಹೆಂಡತಿ ಮತ್ತು ತಾಯಿ. ಇಬ್ಬರಿಗೂ 15 ಲಕ್ಷ. ಕೊನೆಗೆ ತಾಯಿಗೆ 45, ಮಗಳಿಗೆ 30, ಸೊಸೆಗೆ 15 ಲಕ್ಷ.

ಮಗನೇ ಮೊದಲು ಹೋದ ಎಂದಾದರೆ? ಅವನಿಗೆ ಪಾಲೇ ಇಲ್ಲವಾದ್ದರಿಂದ ಸೊಸೆ ಬರಿಗೈಯಲ್ಲಿ ಉಳಿಯುತ್ತಾಳೆ ಎಂದು ಬಹಳ ಜನ ತಿಳಿದಿದ್ದಾರೆ. ಅದು ತಪ್ಪು. ತಂದೆಗಿಂತ ಮೊದಲೇ ತೀರಿಕೊಂಡ ಮಗನ ವಿಧವೆಯೂ ಮಾವನ ಮೊದಲ ದರ್ಜೆಯ ವಾರಸುದಾರಳೇ. ಮಗನ ಕವಲಿಗೆ ಬರಬೇಕಾದ ಪಾಲು ನೇರವಾಗಿ ಅವಳಿಗೆ ಬರುತ್ತದೆ. ಮಕ್ಕಳಿಲ್ಲದ್ದರಿಂದ ಆ 30 ಲಕ್ಷ ಪೂರ್ತಿ ಅವಳದು. ಆಗ ತಾಯಿ, ಮಗಳು, ಸೊಸೆ ಮೂವರಿಗೂ ಸಮಪಾಲು. ಗಂಡ ಮಾವನಿಗಿಂತ ಹೆಚ್ಚು ಬದುಕಿದ್ದ ಎಂಬ ಕಾನೂನಿನ ಊಹೆಯಿಂದಲೇ ಸೊಸೆ 15 ಲಕ್ಷ ಕಳೆದುಕೊಳ್ಳುತ್ತಾಳೆ!

ಅವಳು ಗರ್ಭಿಣಿಯಾಗಿದ್ದರೆ ಲೆಕ್ಕ ಇನ್ನೊಮ್ಮೆ ಬದಲಾಗುತ್ತದೆ. ಆಗ ಹೊಟ್ಟೆಯಲ್ಲಿದ್ದು ಆಮೇಲೆ ಜೀವಂತವಾಗಿ ಹುಟ್ಟುವ ಕೂಸಿಗೂ ಹಕ್ಕಿದೆ. ಮಗನ 30 ಲಕ್ಷವನ್ನು ತಾಯಿ, ಹೆಂಡತಿ, ಕೂಸು ಹತ್ತತ್ತು ಲಕ್ಷದಂತೆ ಹಂಚಿಕೊಳ್ಳಬೇಕು. ಮಗ ಮೊದಲು ಹೋಗಿದ್ದರೆ ಆ 30 ಲಕ್ಷ ಸೊಸೆ ಮತ್ತು ಕೂಸಿಗೆ ಮಾತ್ರ. ಇದೆಲ್ಲ ಅಪ್ಪನ ಸ್ವಯಾರ್ಜಿತ ಆಸ್ತಿಯ ಮಾತು. ಪಿತ್ರಾರ್ಜಿತವಾದರೆ ಮೊದಲು ಕುಟುಂಬದೊಳಗಿನ ಭಾಗ ತೆಗೆದು, ಅಪ್ಪನ ಪಾಲಿಗೆ ಬಂದುದನ್ನು ಮಾತ್ರ ಹೀಗೆ ಹಂಚಬೇಕಾಗುತ್ತದೆ.

ಇಲ್ಲಿ ಗಮನಿಸಬೇಕಾದ ಸಂಗತಿಯೆಂದರೆ, ತಾಯಿಯ ಕಡೆಯವರು ಏನನ್ನೂ ಸಾಬೀತು ಮಾಡಬೇಕಿಲ್ಲ. ಎರಡು ವಯಸ್ಸು ತೋರಿಸಿದರೆ ಸಾಕು, ಅದಕ್ಕೆ ಎಸ್ಸೆಸ್ಸೆಲ್ಸಿ ಅಂಕಪಟ್ಟಿಯೋ ಜನನ ಪ್ರಮಾಣಪತ್ರವೋ ಇದ್ದೇ ಇರುತ್ತದೆ. ಸಾಬೀತು ಮಾಡುವ ಹೊರೆಯೆಲ್ಲ ಸೊಸೆಯ ಮೇಲೆ. ಗಂಡ ಸತ್ತ ದುಃಖದಲ್ಲಿರುವ, ಎಷ್ಟೋ ಸಲ ಗಾಯಾಳುವಾಗಿ ಆಸ್ಪತ್ರೆಯಲ್ಲೇ ಇರುವ ಹೆಣ್ಣುಮಗಳು ಸಾಕ್ಷ್ಯ ಹುಡುಕಬೇಕು. ತಿಂಗಳುಗಳು ಉರುಳುತ್ತವೆ. ಅಷ್ಟರಲ್ಲಿ ಕಂಡವರು ಮರೆತಿರುತ್ತಾರೆ.

ಸಾಕ್ಷ್ಯ ಸಿಗುವುದು ಎಲ್ಲಿ? ಮರಣ ಪ್ರಮಾಣಪತ್ರದಿಂದ ಪ್ರಯೋಜನ ಕಡಿಮೆ. ಅದರಲ್ಲಿ ತಾರೀಖು ಇರುತ್ತದೆ, ನಿಮಿಷ ಇರುವುದಿಲ್ಲ. ಆಸ್ಪತ್ರೆಯ ದಾಖಲೆಯಲ್ಲಿ ಗಂಟೆ, ನಿಮಿಷ ಇದ್ದರೂ ಅದನ್ನು ಎಚ್ಚರದಿಂದ ಓದಬೇಕು. ‘ತರುವಾಗಲೇ ಮೃತಪಟ್ಟಿದ್ದರು’ ಎಂದು ವೈದ್ಯರು 11.40ಕ್ಕೆ ಬರೆದರೆ, ಅದು ವೈದ್ಯರು ನೋಡಿದ ಸಮಯವೇ ಹೊರತು ಜೀವ ಹೋದ ಸಮಯವಲ್ಲ. ಒಂದೇ ಗಾಡಿಯಲ್ಲಿ ಬಂದ ಇಬ್ಬರಲ್ಲಿ ಒಬ್ಬರನ್ನು 11.40ಕ್ಕೆ, ಇನ್ನೊಬ್ಬರನ್ನು 11.55ಕ್ಕೆ ಪರೀಕ್ಷಿಸಿದ ಮಾತ್ರಕ್ಕೆ ಎರಡನೆಯವರು ಹದಿನೈದು ನಿಮಿಷ ಹೆಚ್ಚು ಬದುಕಿದ್ದರು ಎಂದಾಗುವುದಿಲ್ಲ.

ನಿಜಕ್ಕೂ ಬೆಲೆ ಇರುವುದು ಆಂಬ್ಯುಲೆನ್ಸ್ ಸಿಬ್ಬಂದಿ ದಾರಿಯಲ್ಲಿ ತುಂಬುವ ಹಾಳೆಗೆ. ಅಪ್ಪನ ಹೆಸರಿನ ಮುಂದೆ ನಾಡಿ ಇಷ್ಟು, ರಕ್ತದೊತ್ತಡ ಇಷ್ಟು, ಆಮ್ಲಜನಕ ಕೊಟ್ಟೆವು ಎಂದಿದ್ದು, ಮಗನ ಬಗ್ಗೆ ಸ್ಥಳದಲ್ಲೇ ನಾಡಿ ಸಿಗಲಿಲ್ಲ ಎಂದಿದ್ದರೆ ಪ್ರಕರಣ ಅಲ್ಲಿಗೇ ಇತ್ಯರ್ಥವಾಗಬಹುದು. ಸಾವಿನ ಕ್ರಮ ಗೊತ್ತಾದ ಮೇಲೆ ಊಹೆಗೆ ಜಾಗವಿಲ್ಲ, 21ನೇ ಸೆಕ್ಷನ್ ಪಕ್ಕಕ್ಕೆ ಸರಿಯುತ್ತದೆ. ಕಾರಿನ ಬಾಗಿಲು ಒಡೆದು ಎಳೆದುಹಾಕಿದ ಊರವರ ಹೇಳಿಕೆ, ಪೊಲೀಸರ ಪಂಚನಾಮೆ ಕೂಡ ಮುಖ್ಯ. ‘ಅಜ್ಜಾರು ನೀರು ಕೇಳಿದರು’ ಎಂದು ಯಾರೋ ಹೇಳಿದ ಮಾತು ಪಂಚನಾಮೆಯಲ್ಲಿ ಬರೆಯಲ್ಪಟ್ಟರೆ ಅದೇ ಸಾಕ್ಷ್ಯ. ಬರೆಯದಿದ್ದರೆ ಕಳೆದುಹೋದ ಹಾಗೆ.

ಮರಣೋತ್ತರ ಪರೀಕ್ಷೆಯಿಂದ ಎಲ್ಲವೂ ಗೊತ್ತಾಗುತ್ತದೆ ಎಂಬ ನಂಬಿಕೆ ಜನರಲ್ಲಿ ಬಲವಾಗಿದೆ. ದೇಹ ತಣ್ಣಗಾಗುವುದು, ಸೆಟೆದುಕೊಳ್ಳುವುದು, ಹೊಟ್ಟೆಯಲ್ಲಿನ ಊಟ ಎಷ್ಟು ಜೀರ್ಣವಾಗಿದೆ ಎನ್ನುವುದು, ಇವೆಲ್ಲ ಸಾವಿನ ಸಮಯವನ್ನು ಗಂಟೆಗಳ ಅಂದಾಜಿನಲ್ಲಿ ಹೇಳುತ್ತವೆ. ಎರಡು ಸಾವುಗಳ ನಡುವಿನ ನಾಲ್ಕು ನಿಮಿಷವನ್ನು ಅವು ತೋರಿಸಲಾರವು. ಆದರೆ ಗಾಯದ ಸ್ವರೂಪ ಕೆಲವೊಮ್ಮೆ ಮಾತಾಡುತ್ತದೆ. ಢಿಕ್ಕಿಯಾದ ಬಸ್ಸಿಗೆ ಬೆಂಕಿ ಹತ್ತಿದೆ ಎನ್ನಿ. ಒಬ್ಬರ ಶ್ವಾಸನಾಳದೊಳಗೆ ಹೊಗೆಯ ಮಸಿ ಇದ್ದರೆ ಬೆಂಕಿ ಹತ್ತಿದ ಮೇಲೂ ಅವರು ಉಸಿರಾಡಿದ್ದಾರೆ. ಇನ್ನೊಬ್ಬರ ಕುತ್ತಿಗೆಯ ಮೂಳೆ ಮುರಿದಿದ್ದು ಶ್ವಾಸನಾಳದಲ್ಲಿ ಮಸಿಯೇ ಇಲ್ಲದಿದ್ದರೆ ಅವರು ಢಿಕ್ಕಿಯಲ್ಲೇ ಹೋಗಿರುವ ಸಾಧ್ಯತೆ ಹೆಚ್ಚು. ವಾರಸುದಾರರು ಈ ವರದಿಯ ನಕಲನ್ನು ಕೂಡಲೇ ಪಡೆದಿಟ್ಟುಕೊಳ್ಳಬೇಕು ಎನ್ನುವುದು ಇದಕ್ಕೇ.

ಮೇಲಿನ ನಿಯಮ ಎಲ್ಲರಿಗೂ ಒಂದೇ ಅಲ್ಲ. ಕ್ರೈಸ್ತರಿಗೆ ಅನ್ವಯಿಸುವ 1925ರ ಭಾರತೀಯ ಉತ್ತರಾಧಿಕಾರ ಕಾಯ್ದೆಯಲ್ಲಿ ವಯಸ್ಸಿನ ಊಹೆ ಇಲ್ಲ. ವಿಲ್ ಬರೆದವರೂ ಅದರಲ್ಲಿ ಆಸ್ತಿ ಪಡೆಯಬೇಕಾದವರೂ ಒಂದೇ ಹಡಗು ಮುಳುಗಿ ಸತ್ತು, ಕ್ರಮ ತಿಳಿಯದಿದ್ದರೆ ಆ ಉಡುಗೊರೆ ಬಿದ್ದುಹೋಗುತ್ತದೆ ಎಂಬ ಉದಾಹರಣೆ ಕಾಯ್ದೆಯ 105ನೇ ಸೆಕ್ಷನ್ನಿನಲ್ಲೇ ಇದೆ. ಮುಸ್ಲಿಂ ಕಾನೂನಿನ ಹನಫಿ ಪದ್ಧತಿಯಲ್ಲಿ ಒಟ್ಟಿಗೆ ಸತ್ತವರು ಒಬ್ಬರಿಗೊಬ್ಬರು ವಾರಸುದಾರರಾಗುವುದಿಲ್ಲ. ಪ್ರತಿಯೊಬ್ಬರ ಆಸ್ತಿಯೂ ಬದುಕಿ ಉಳಿದ ಅವರವರ ವಾರಸುದಾರರಿಗೆ ಹೋಗುತ್ತದೆ.

ಮಕ್ಕಳಿಲ್ಲದ ಗಂಡ ಹೆಂಡತಿ ಒಟ್ಟಿಗೆ ತೀರಿಕೊಂಡಾಗ ನನಗೆ ಹೆಚ್ಚು ನೋವಾಗುವ ಇನ್ನೊಂದು ಅಂಶ ಎದುರಾಗುತ್ತದೆ. ಹೆಂಡತಿ ಕೆಲಸಕ್ಕೆ ಹೋಗಿ ಉಳಿಸಿದ 40 ಲಕ್ಷ ಅವಳ ಹೆಸರಿನಲ್ಲಿದೆ. ಅವಳು ಕಿರಿಯಳಾದರೆ ಗಂಡ ಮೊದಲು ಹೋದ ಎಂದಾಗುತ್ತದೆ. ಆಗ ಹಿಂದೂ ಉತ್ತರಾಧಿಕಾರ ಕಾಯ್ದೆಯ 15ನೇ ಸೆಕ್ಷನ್ ಪ್ರಕಾರ, ಮಕ್ಕಳೂ ಗಂಡನೂ ಇಲ್ಲದ ಹೆಣ್ಣಿನ ಗಳಿಕೆ ಗಂಡನ ವಾರಸುದಾರರಿಗೆ, ಅಂದರೆ ಅತ್ತೆಗೆ ಹೋಗುತ್ತದೆ. ಅವಳ ತಂದೆ ತಾಯಿಯ ಸರದಿ ಅದರ ನಂತರ. ಅವಳು ಹಿರಿಯಳಾದರೆ ಹಣ ಮೊದಲು ಗಂಡನಿಗೆ ಬಂದು, ಅವನಿಂದ ಅವನ ತಾಯಿಗೆ ಹೋಗುತ್ತದೆ. ಯಾರು ಮೊದಲು ಹೋದರೂ ಓದಿಸಿ ಬೆಳೆಸಿದ ಅಪ್ಪ ಅಮ್ಮನಿಗೆ ಆ ಹಣದಲ್ಲಿ ಒಂದು ರೂಪಾಯಿಯೂ ಇಲ್ಲ. ತವರಿನಿಂದ ವಾರಸಾಗಿ ಬಂದ ಆಸ್ತಿ ಮಾತ್ರ ತವರಿನ ಕಡೆಗೆ ಹಿಂದಿರುಗುತ್ತದೆ. 2009ರಲ್ಲಿ ಸುಪ್ರೀಂ ಕೋರ್ಟಿನ ಮುಂದೆ ಬಂದ ಪ್ರಕರಣವೊಂದರಲ್ಲಿ, ಮದುವೆಯಾದ ಕೆಲವೇ ತಿಂಗಳಲ್ಲಿ ವಿಧವೆಯಾಗಿ ಗಂಡನ ಮನೆಯಿಂದ ಹೊರಬಿದ್ದು, ತವರಿನ ಆಸರೆಯಲ್ಲಿ ಓದಿ ಕೆಲಸ ಹಿಡಿದ ಹೆಣ್ಣಿನ ಗಳಿಕೆಯೂ ಗಂಡನ ಕಡೆಯವರ ಪಾಲಾಯಿತು. ಕಾಯ್ದೆಯ ಮಾತು ಸ್ಪಷ್ಟವಾಗಿದೆ, ಕನಿಕರಕ್ಕೆ ಅಲ್ಲಿ ಎಡೆಯಿಲ್ಲ ಎಂದಿತು ನ್ಯಾಯಾಲಯ. ಇದು ಬದಲಾಗಲೇಬೇಕಾದ ಕಾನೂನು.

ವಯಸ್ಸಿನ ಊಹೆಯೂ ಬದಲಾಗಬೇಕು ಎನ್ನುವುದು ನನ್ನ ಅಭಿಪ್ರಾಯ. ಅಮೆರಿಕದ ಅನೇಕ ರಾಜ್ಯಗಳಲ್ಲಿ ವಾರಸುದಾರನಾಗಬೇಕಾದವರು 120 ಗಂಟೆ ಹೆಚ್ಚು ಬದುಕಿರಬೇಕು, ಇಲ್ಲದಿದ್ದರೆ ಮೊದಲೇ ಸತ್ತಂತೆ ಲೆಕ್ಕ. ಇಂಗ್ಲೆಂಡಿನಲ್ಲಿ ವಿಲ್ ಇಲ್ಲದೆ ಸತ್ತವರ ಗಂಡ ಅಥವಾ ಹೆಂಡತಿ 28 ದಿನ ಬದುಕಿದರೆ ಮಾತ್ರ ಪಾಲು ಎಂದು 1995ರಲ್ಲಿ ಕಾನೂನು ತಂದರು. ಇಂಥ ನಿಯಮವಿದ್ದರೆ ನಿಮಿಷದ ಮೇಲೆ ಜಗಳವಿಲ್ಲ. ಒಂದೇ ಆಸ್ತಿ ಒಂದೇ ವಾರದಲ್ಲಿ ಎರಡು ಕೈ ದಾಟುವುದೂ ಇಲ್ಲ.

ಕಾನೂನು ಬದಲಾಗುವವರೆಗೆ ಇದೇ ಷರತ್ತನ್ನು ನಮ್ಮ ವಿಲ್‌ನಲ್ಲಿ ನಾವೇ ಬರೆದುಕೊಳ್ಳಬಹುದು. ‘ನನ್ನ ಆಸ್ತಿ ನನ್ನ ಹೆಂಡತಿಗೆ ಸೇರತಕ್ಕದ್ದು, ಆಕೆ ನನ್ನ ಮರಣಾನಂತರ 30 ದಿನ ಬದುಕಿರದಿದ್ದರೆ ಅರ್ಧ ನನ್ನ ತಾಯಿಗೆ, ಅರ್ಧ ಆಕೆಯ ತಾಯಿಗೆ ಸೇರತಕ್ಕದ್ದು’ ಎಂಬಂಥ ಒಂದು ವಾಕ್ಯ ಸಾಕು. ಹೆಂಡತಿಯೂ ತನ್ನ ಹೆಸರಿನ ಆಸ್ತಿಗೆ ತನ್ನದೇ ವಿಲ್ ಬರೆಯಬೇಕು. ಗಂಡನ ವಿಲ್ ಅವಳ ಹಣವನ್ನು ಕಾಯುವುದಿಲ್ಲ. ಬ್ಯಾಂಕಿನಲ್ಲಿ ನಾಮಿನಿ ಹಾಕಿದ್ದೇವೆ ಎಂದು ಸುಮ್ಮನಿರುವಂತಿಲ್ಲ. ಠೇವಣಿಯ ನಾಮಿನಿ ಹಣ ಪಡೆದು ವಾರಸುದಾರರಿಗೆ ತಲುಪಿಸಬೇಕಾದವರಷ್ಟೇ, ಮೇಲಾಗಿ ಗಂಡನಿಗೆ ಹೆಂಡತಿ, ಹೆಂಡತಿಗೆ ಗಂಡ ನಾಮಿನಿಯಾಗಿದ್ದರೆ ಒಂದೇ ಅಪಘಾತದಲ್ಲಿ ಇಬ್ಬರೂ ಇಲ್ಲವಾಗುತ್ತಾರೆ. ವಿಲ್‌ಗೆ ನೋಂದಣಿ ಕಡ್ಡಾಯವಲ್ಲ, ಛಾಪಾ ಕಾಗದವೂ ಬೇಡ. ಬರೆದವರ ಸಹಿ ಮತ್ತು ಆ ಸಹಿಗೆ ಸಾಕ್ಷಿ ಹಾಕುವ ಇಬ್ಬರು ಇದ್ದರೆ ಆಯಿತು. ಆಸ್ತಿಯಲ್ಲಿ ಪಾಲು ಪಡೆಯದ, ನಿಮಗಿಂತ ಕಡಿಮೆ ವಯಸ್ಸಿನ ಇಬ್ಬರನ್ನು ಸಾಕ್ಷಿಗೆ ಕರೆಯುವುದು ಒಳ್ಳೆಯದು.