ಹತ್ತನೆಯ ಒಂದು

ಮೇ ತಿಂಗಳು ಬಂತೆಂದರೆ ಡೊಂಬಿವಲಿಯಲ್ಲಿ ಟ್ಯೂಷನ್ ತರಗತಿಗಳ ಹೊಸ ಬ್ಯಾಚಿನ ಸುದ್ದಿ ಶುರುವಾಗುತ್ತದೆ. ಮೊದಲೆಲ್ಲ ಅದು ಸ್ಟೇಷನ್ ರಸ್ತೆಯ ಬ್ಯಾನರುಗಳಲ್ಲಿ ಇರುತ್ತಿತ್ತು, ಈಗ ಮೊಬೈಲಿಗೇ ಬರುತ್ತದೆ. ಈ ಸಲ ನಮ್ಮ ಕಟ್ಟಡದ ಎಂಟನೆಯ ತರಗತಿಯ ಹುಡುಗಿ ಒಂದು ವಿಡಿಯೋ ತಂದು ತೋರಿಸಿದಳು. ಮುಕ್ಕಾಲು ನಿಮಿಷದ್ದು. ಮೇಷ್ಟ್ರು ಬಿಳಿ ಹಲಗೆಯ ಮೇಲೆ 1111 × 1111 ಎಂದು ಬರೆದು, ಕಣ್ಣು ಮುಚ್ಚಿ ತೆರೆಯುವಷ್ಟರಲ್ಲಿ 1234321 ಎಂದು ಉತ್ತರ ಬರೆಯುತ್ತಾರೆ. ಕೆಳಗೆ ಮರಾಠಿಯಲ್ಲಿದ್ದ ಒಕ್ಕಣೆ ಕನ್ನಡದಲ್ಲಿ ಹೀಗಾಗುತ್ತದೆ: ‘ಎಷ್ಟೇ ಒಂದುಗಳಿರಲಿ, ಎಣಿಸಿ, ಏರಿಸಿ, ಇಳಿಸಿ, ಉತ್ತರ ಸಿದ್ಧ! 8, 9, 10ನೇ ತರಗತಿಯ ಹೊಸ ಬ್ಯಾಚ್ ಜೂನ್‌ನಲ್ಲಿ.’

“ಅಂಕಲ್, ಇದು ನಿಜವಾ?” ಎಂದಳು.

ನಿಜ. ಆದರೆ ‘ಎಷ್ಟೇ’ ಎಂಬ ಒಂದು ಮಾತನ್ನು ಬಿಟ್ಟು. ಆ ಮಾತು ಎಲ್ಲಿ ಮುರಿಯುತ್ತದೆ, ಏಕೆ ಮುರಿಯುತ್ತದೆ ಎಂಬುದರಲ್ಲೇ ಈ ಲೆಕ್ಕದ ಸೊಗಸೆಲ್ಲ ಇದೆ. ಅವಳ ನೋಟ್‌ಬುಕ್ಕಿನಲ್ಲೇ ಗುಣಾಕಾರವನ್ನು ಹಳೆಯ ಪದ್ಧತಿಯಲ್ಲಿ ಮಾಡಿ ನೋಡಿದೆವು. ಒಂದರಿಂದ ಗುಣಿಸಿದರೆ ಅದೇ ಸಂಖ್ಯೆ ಬರುತ್ತದೆ. ಹಾಗಾಗಿ ಪ್ರತಿ ಸಾಲಿನಲ್ಲೂ ಅದೇ 1111, ಪ್ರತಿ ಸಲವೂ ಒಂದು ಮನೆ ಎಡಕ್ಕೆ ಸರಿದಿರುತ್ತದೆ, ಅಷ್ಟೇ.

```
   1111
  11110
 111100
1111000
-------
1234321
```

ಈಗ ಅಡ್ಡಡ್ಡ ಓದುವುದನ್ನು ಬಿಟ್ಟು ಕಂಬ ಕಂಬವಾಗಿ ಎಣಿಸಿ. ಬಿಡಿ ಸ್ಥಾನದಲ್ಲಿ ಒಂದೇ ಒಂದು. ಹತ್ತರ ಸ್ಥಾನದಲ್ಲಿ ಎರಡು, ನೂರರಲ್ಲಿ ಮೂರು, ಸಾವಿರದಲ್ಲಿ ನಾಲ್ಕು. ಅಲ್ಲಿಂದ ಮುಂದೆ ಸಾಲುಗಳು ಒಂದೊಂದಾಗಿ ಮುಗಿಯುತ್ತ ಹೋಗುವುದರಿಂದ ಮತ್ತೆ ಮೂರು, ಎರಡು, ಒಂದು. ಉತ್ತರದ ಪ್ರತಿ ಅಂಕಿಯೂ ಆ ಕಂಬದಲ್ಲಿ ಎಷ್ಟು ಒಂದುಗಳಿವೆ ಎಂಬ ಎಣಿಕೆ. ನಾಲ್ಕು ಒಂದುಗಳಿದ್ದರೆ ನಡುಗಂಬದಲ್ಲಿ ನಾಲ್ಕು, ಏಳು ಇದ್ದರೆ ಏಳು. ಹುಡುಗಿಗೆ ಇದನ್ನು ಹೇಳಬೇಕಾಗಲಿಲ್ಲ, ಬೆರಳಿಟ್ಟು ಎಣಿಸುತ್ತಲೇ ಅವಳಿಗೆ ಹೊಳೆಯಿತು.

ಒಂಬತ್ತು ಒಂದುಗಳವರೆಗೆ ಇದು ತೊಡಕಿಲ್ಲದೆ ನಡೆಯುತ್ತದೆ: 12345678987654321. ಹತ್ತು ಒಂದುಗಳಾದಾಗ ನಡುಗಂಬದಲ್ಲಿ ಹತ್ತು ಬರುತ್ತದೆ, ಒಂದು ಸ್ಥಾನದಲ್ಲಿ ಹತ್ತನ್ನು ಇಡಲು ಜಾಗವಿಲ್ಲ. ಮೇಷ್ಟ್ರ ಸೂತ್ರವನ್ನು ಹಾಗೇ ನಂಬಿದ ಹುಡುಗಿ 12345678910987654321 ಎಂದು ಬರೆದಳು. ನೋಡಲು ಎಷ್ಟು ಒಪ್ಪವಾಗಿದೆ! ಆದರೆ ತಪ್ಪು. ನಡುವಿನ ಹತ್ತರಲ್ಲಿ ಸೊನ್ನೆಯನ್ನು ಅಲ್ಲೇ ಇಟ್ಟು ದಶಕದ ಒಂದನ್ನು ಎಡಕ್ಕೆ ಕಳಿಸಬೇಕು. ಎಡಗಡೆ ಒಂಬತ್ತಿದೆ, ಒಂದು ಸೇರಿದರೆ ಅದೂ ಹತ್ತು. ಅಲ್ಲೂ ಸೊನ್ನೆ ಉಳಿದು, ಇನ್ನೊಂದು ದಶಕ ಎಡಕ್ಕೆ ಹೋಗುತ್ತದೆ. ಅಲ್ಲಿದ್ದ ಎಂಟು ಒಂಬತ್ತಾಗಿ, ಸಾಗಣೆ ನಿಲ್ಲುತ್ತದೆ. ಸರಿಯಾದ ಉತ್ತರ 1234567900987654321. ಏರುವ ದಾರಿಯಲ್ಲಿ ಎಂಟು ಮಾಯವಾಗಿದೆ. ಮೊಬೈಲಿನ ಕ್ಯಾಲ್ಕ್ಯುಲೇಟರ್ ಇಷ್ಟು ದೊಡ್ಡ ಸಂಖ್ಯೆಯನ್ನು ಪೂರ್ತಿ ತೋರಿಸದೆ 1.2345679E18 ಎಂದು ಚುಟುಕಾಗಿ ಹೇಳಿತು. ಅದರಲ್ಲೂ ಏಳಾದ ಮೇಲೆ ನೇರ ಒಂಬತ್ತೇ!

ಇಂಥ ತಪ್ಪನ್ನು ಹಿಡಿಯುವುದು ಹೇಗೆ? ಟ್ಯೂಷನ್ ಮೇಷ್ಟ್ರುಗಳು ಸಾಮಾನ್ಯವಾಗಿ ಕಲಿಸುವ ತಾಳೆ ಎಂದರೆ ಅಂಕಿಗಳನ್ನು ಕೂಡಿ ಕೂಡಿ ಒಂದೇ ಅಂಕಿಗೆ ಇಳಿಸುವುದು. ಹತ್ತು ಒಂದುಗಳ ಮೊತ್ತ 10, ಅಂದರೆ 1. ಅದರ ವರ್ಗವೂ 1. ಹುಡುಗಿಯ ತಪ್ಪು ಉತ್ತರದ ಅಂಕಿಗಳ ಮೊತ್ತ 91, ಅದು 10, ಅದು 1. ತಾಳೆಯಾಯಿತು! ಸರಿಯಾದ ಉತ್ತರದ ಮೊತ್ತ 82, ಅದೂ ಇಳಿದು 1. ಈ ತಾಳೆಗೆ ಅಂಕಿ ಯಾವ ಸ್ಥಾನದಲ್ಲಿದೆ ಎಂಬುದು ಕಾಣುವುದಿಲ್ಲ, ಮತ್ತು ಇಲ್ಲಿ ಕೆಟ್ಟಿರುವುದು ಸ್ಥಾನವೇ. ಹಿಡಿಯುವ ದಾರಿ ಇನ್ನೂ ಸುಲಭ, ಅಂಕಿಗಳನ್ನು ಎಣಿಸಿದರೆ ಸಾಕು. ಹತ್ತು ಅಂಕಿಗಳ ಈ ಸಂಖ್ಯೆಯ ವರ್ಗದಲ್ಲಿ 19 ಅಂಕಿಗಳಿರಬೇಕು, ಅವಳ ಉತ್ತರದಲ್ಲಿ 20 ಇದ್ದವು.

ಒಂದರ ಬದಲು ಬೇರೆ ಅಂಕಿ ಹಾಕಿದರೆ ಸಾಗಣೆ ಇನ್ನೂ ಬೇಗ ಬಂದುಬಿಡುತ್ತದೆ. 22ರ ವರ್ಗ 484, ಏರಿಳಿತ ಇದೆ. 222ರ ವರ್ಗ 49284, ಆಗಲೇ ಕದಡಿತು, ಏಕೆಂದರೆ ನಡುಗಂಬದಲ್ಲಿ ಮೂರು ನಾಲ್ಕುಗಳು ಸೇರಿ ಹನ್ನೆರಡು.

ಈ ವಿಡಿಯೋ ಡೊಂಬಿವಲಿಯಲ್ಲೇ ಹುಟ್ಟಿತೆಂಬುದು ನನಗೆ ಬಹಳ ಹಿಡಿಸಿತು. ಈ ಸಂಖ್ಯೆಗಳಿಗೆ ಗಣಿತದಲ್ಲಿ ಇರುವ ಹೆಸರು ಡೆಮ್ಲೋ ಸಂಖ್ಯೆಗಳು. ಡೆಮ್ಲೋ ಎಂದರೆ ನಮ್ಮ ಡೊಂಬಿವಲಿ ರೈಲು ನಿಲ್ದಾಣವೇ. ಹೆಸರಿಟ್ಟವರು ದತ್ತಾತ್ರೇಯ ರಾಮಚಂದ್ರ ಕಾಪ್ರೇಕರ್. 1905ರಲ್ಲಿ ಮುಂಬಯಿಯ ಉತ್ತರಕ್ಕಿರುವ ಡಹಾಣುವಿನಲ್ಲಿ ಹುಟ್ಟಿ, ಠಾಣೆಯಲ್ಲಿ ಶಾಲೆ ಕಲಿತು, 1929ರಲ್ಲಿ ಮುಂಬಯಿ ವಿಶ್ವವಿದ್ಯಾಲಯದ ಪದವಿ ಪಡೆದವರು. ನಾಸಿಕದ ಬಳಿಯ ದೇವಳಾಲಿಯಲ್ಲಿ 1930ರಿಂದ 1962ರವರೆಗೆ ಶಾಲಾ ಮಾಸ್ತರರಾಗಿದ್ದರು. ಆಗಿನ ಜಿ.ಐ.ಪಿ. ರೈಲ್ವೆಯ ಈ ನಿಲ್ದಾಣದಲ್ಲಿ ಅವರಿಗೆ ಈ ಸಂಖ್ಯೆಗಳ ಯೋಚನೆ ಬಂತು. ಅವರ ಕಣ್ಣಿಗೆ ಬಿದ್ದದ್ದು ಮೇಷ್ಟ್ರ ವಿಡಿಯೋದಲ್ಲಿಲ್ಲದ ಒಂದು ಗುಣ. 165ನ್ನು ನೋಡಿ: ಎರಡು ತುದಿಗಳ 1 ಮತ್ತು 5 ಕೂಡಿದರೆ ನಡುವಿನ 6. 47773ರಲ್ಲಿ 4 ಮತ್ತು 3 ಕೂಡಿದರೆ 7, ನಡುವೆ ಇರುವುದೆಲ್ಲ ಏಳೇ. ಒಂದುಗಳ ವರ್ಗವೂ ಇದೇ ಜಾತಿಯದು: 1234321ರಲ್ಲಿ 123 ಮತ್ತು 321 ಕೂಡಿದರೆ 444, ನಡುವೆ ನಾಲ್ಕು. ಇವುಗಳನ್ನು ಅವರು ‘ಅದ್ಭುತ ಡೆಮ್ಲೋ’ ಎಂದು ಕರೆದರು.

ಸಂಖ್ಯೆಯ ಈ ರೂಪವನ್ನು ನಮ್ಮವರು ಅದಕ್ಕೂ ಬಹಳ ಹಿಂದೆಯೇ ಮೆಚ್ಚಿದ್ದರು. ನೃಪತುಂಗನೆಂದು ನಾವು ಬಲ್ಲ ರಾಷ್ಟ್ರಕೂಟರ ಅಮೋಘವರ್ಷನ ಕಾಲದಲ್ಲಿ, ಒಂಬತ್ತನೆಯ ಶತಮಾನದಲ್ಲಿ, ಮಹಾವೀರಾಚಾರ್ಯ ತನ್ನ ‘ಗಣಿತಸಾರಸಂಗ್ರಹ’ದಲ್ಲಿ 12345654321ನ್ನು ‘ಒಂದರಿಂದ ಆರರವರೆಗೆ ಏರಿ ಕ್ರಮವಾಗಿ ಇಳಿಯುವುದು’ ಎಂದು ಬಣ್ಣಿಸಿದ್ದಾನೆ. ಅದು ಆರು ಒಂದುಗಳ ವರ್ಗ.

ಕಾಪ್ರೇಕರರ ಇನ್ನೊಂದು ಜಾತಿಯ ಸಂಖ್ಯೆಗಳಿವೆ, ಅವುಗಳಿಗೆ ಅವರದೇ ಹೆಸರು. 45ರ ವರ್ಗ 2025. ಅದನ್ನು ನಡುವೆ ಸೀಳಿ 20ಕ್ಕೆ 25 ಕೂಡಿಸಿ: ಮತ್ತೆ 45. ಸಂಖ್ಯೆಯಲ್ಲಿ ಎಷ್ಟು ಅಂಕಿಗಳಿವೆಯೋ ಅಷ್ಟನ್ನು ವರ್ಗದ ಬಲಗಡೆಯಿಂದ ಎಣಿಸಿ ಸೀಳುವುದು ನಿಯಮ. ಒಂದುಗಳಲ್ಲಿ ಇದು ಎಲ್ಲಾದರೂ ಆಗುತ್ತದೆಯೇ? 11ರ ವರ್ಗ 121: 1 ಮತ್ತು 21 ಕೂಡಿ 22, ಇಲ್ಲ. 111ರ ವರ್ಗ 12321: 12 ಮತ್ತು 321 ಕೂಡಿ 333, ಇಲ್ಲ. ನಾಲ್ಕಕ್ಕೆ 4444, ಐದಕ್ಕೆ 55555. ಒಂಬತ್ತರವರೆಗೂ ಹೀಗೇ, ಒಂದುಗಳ ಬದಲು ಆ ಎಣಿಕೆಯೇ ಸಾಲಾಗಿ ನಿಲ್ಲುತ್ತದೆ.

ಹುಡುಗಿಗೆ ಹತ್ತನೆಯದನ್ನು ಸೀಳಲು ಹೇಳಿದೆ. ಬಲದಿಂದ ಹತ್ತು ಅಂಕಿ ಎಣಿಸಿ ಗೆರೆ ಎಳೆದಳು. ಎಡಕ್ಕೆ 123456790, ಬಲಕ್ಕೆ 0987654321. ಕೂಡಿದಳು. ಸೂತ್ರ ಮುರಿದ, ಎಂಟು ಕಳೆದುಹೋದ ಆ ಮೊದಲ ಸಂಖ್ಯೆಯಿಂದ ಬಂದ ಮೊತ್ತ 1111111111. ಹತ್ತು ಒಂದುಗಳು. ಅವಳು ಎರಡು ಸಲ ಎಣಿಸಿದಳು.