ಮೂವತ್ತೇಳನೇ ವಾರ

1859ರ ಜನವರಿ 27ರಂದು ಬರ್ಲಿನ್ನಿನ ಅರಮನೆಯಲ್ಲಿ 18ರ ಹರೆಯದ ರಾಜಕುಮಾರಿ ವಿಕ್ಟೋರಿಯಾಗೆ ಚೊಚ್ಚಲ ಹೆರಿಗೆ. ಮಗು ತಲೆ ಮೇಲಾಗಿ, ಪೃಷ್ಠ ಕೆಳಗಾಗಿ ಕೂತಿತ್ತು. ನಮ್ಮ ಸ್ಕ್ಯಾನಿಂಗ್ ಕೋಣೆಗಳಲ್ಲಿ ಇಂದು ‘ಮಗು ಉಲ್ಟಾ ಇದೆ’ ಅನ್ನುತ್ತಾರಲ್ಲ, ಹಾಗೆ. ಮೈ ಹೊರಬಂತು, ಆದರೆ ಎಡಗೈ ಮೇಲಕ್ಕೆ ಚಾಚಿ ತಲೆಯ ಪಕ್ಕ ಸಿಕ್ಕಿಕೊಂಡಿತ್ತು. ವೈದ್ಯ ಎಡ್ವರ್ಡ್ ಮಾರ್ಟಿನ್ ಅದನ್ನು ಎಳೆದು ಬಿಡಿಸಬೇಕಾಯಿತು. ಮಗು ಉಳಿಯಿತು, ಭುಜದ ನರಗಳು ಮಾತ್ರ ಉಳಿಯಲಿಲ್ಲ. ಆ ಮಗುವೇ ಮುಂದೆ ಜರ್ಮನಿಯ ಚಕ್ರವರ್ತಿಯಾದ ಎರಡನೇ ವಿಲ್ಹೆಲ್ಮ್. ಫೋಟೋಗಳಲ್ಲಿ ಗಿಡ್ಡ ಎಡಗೈಯನ್ನು ಕತ್ತಿಯ ಹಿಡಿಯ ಮೇಲಿಟ್ಟೋ ಕೈಗವಸು ಹಿಡಿಸಿಯೋ ಮರೆಮಾಡುವುದು ಅವನಿಗೆ ಜೀವಮಾನದ ಅಭ್ಯಾಸವಾಯಿತು.

ಹೊಟ್ಟೆಯಲ್ಲಿರುವ ಮಗುವಿಗೆ ತಲೆಯೇ ಎಲ್ಲಕ್ಕಿಂತ ದೊಡ್ಡ, ಗಟ್ಟಿ ಭಾಗ. ಅದು ಮೊದಲು ಬಂದರೆ ಗಂಟೆಗಟ್ಟಲೆ ನೋವಿನಲ್ಲಿ ತಾಯಿಯ ಸೊಂಟದ ಮೂಳೆಗೂಡಿಗೆ ತಕ್ಕಂತೆ ಒತ್ತಿ ಹೊಂದಿಕೊಳ್ಳುತ್ತದೆ. ಅದು ದಾಟಿದ ಮೇಲೆ ಉಳಿದದ್ದು ಸಾಮಾನ್ಯವಾಗಿ ಜಾರಿ ಬರುತ್ತದೆ. ಪೃಷ್ಠ ಮೊದಲು ಬಂದರೆ ಈ ಕ್ರಮ ತಿರುಗಾಮುರುಗಾ. ಮೆತ್ತಗಿನ ಮೈ ಸುಲಭವಾಗಿ ಇಳಿದುಬಿಡುತ್ತದೆ, ದೊಡ್ಡ ತಲೆ ಕೊನೆಗೆ ಉಳಿಯುತ್ತದೆ, ಹೊಂದಿಕೊಳ್ಳಲು ಅದಕ್ಕೆ ಸಮಯವಿಲ್ಲ. ಆ ಹೊತ್ತಿಗೆ ಹೊಕ್ಕುಳಬಳ್ಳಿ ಒತ್ತಡಕ್ಕೆ ಸಿಕ್ಕಿರುತ್ತದೆ. ಉಳಿದಿರುವುದು ನಿಮಿಷಗಳ ಲೆಕ್ಕ.

ಹಾಗಾದರೆ ನೋವು ಬರುವ ಮೊದಲೇ, ಹೊಟ್ಟೆಯ ಮೇಲಿನಿಂದ ಒತ್ತಿ ಮಗುವನ್ನು ಮಗುಚಿಬಿಟ್ಟರೆ? ವಿಲ್ಹೆಲ್ಮ್ ಹುಟ್ಟುವುದಕ್ಕೆ ಅರ್ಧ ಶತಮಾನ ಮೊದಲೇ, 1807ರಲ್ಲಿ, ಹ್ಯಾಂಬರ್ಗ್‌ನ ವೈದ್ಯ ಯುಸ್ಟುಸ್ ವಿಗಾಂಡ್ ಇದರ ಬಗ್ಗೆ ಬರೆದಿದ್ದ. ಯಾರೂ ಹೆಚ್ಚು ಕಿವಿಗೊಡಲಿಲ್ಲ. ಅದನ್ನು ಪಾಠವಾಗಿ ಕಲಿಸಿದವನು ಪ್ಯಾರಿಸ್ಸಿನ ಅಡಾಲ್ಫ್ ಪಿನಾರ್. ಮಗುವಿನ ಎದೆಬಡಿತ ಕೇಳಲು ಬಳಸುವ ಸಣ್ಣ ಕೊಂಬಿನಂಥ ನಳಿಕೆಗೆ ಇಂದಿಗೂ ಅವನದೇ ಹೆಸರು. ಬರೀ ಅಂಗೈ ಬೆರಳುಗಳಿಂದ ಹೊಟ್ಟೆ ಮುಟ್ಟಿ ತಲೆ ಎಲ್ಲಿ, ಬೆನ್ನು ಎಲ್ಲಿ ಎಂದು ಪತ್ತೆಹಚ್ಚುವುದರ ಮೇಲೆ ಅವನು 1878ರಲ್ಲಿ ಒಂದು ಪುಸ್ತಕವನ್ನೇ ಬರೆದ. ತಲೆ ಸಿಕ್ಕಿದ ಮೇಲೆ ತಿರುಗಿಸುವುದು ಮುಂದಿನ ಹೆಜ್ಜೆ.

ತಿರುಗಿಸಿದ ಮೇಲೆ ಪಿನಾರ್ ತಾಯಿಯ ಹೊಟ್ಟೆಗೆ ಒಂದು ಪಟ್ಟಿ ಬಿಗಿಯುತ್ತಿದ್ದ. ಮಗು ಮತ್ತೆ ಹಳೆಯ ಭಂಗಿಗೆ ಹೋಗಬಾರದಲ್ಲ! ನನ್ನ ಮಟ್ಟಿಗೆ ಈ ಕತೆಯ ಸುಳಿವೆಲ್ಲ ಆ ಪಟ್ಟಿಯಲ್ಲೇ ಇತ್ತು. ಪಟ್ಟಿ ಬೇಕಾಯಿತೆಂದರೆ ಒಳಗೆ ಮಗುವಿಗೆ ಇನ್ನೂ ಓಡಾಡುವಷ್ಟು ಜಾಗವಿತ್ತು ಎಂದರ್ಥ. ಜಾಗವಿದ್ದ ಮಗು ತಾನಾಗಿಯೂ ತಿರುಗಬಹುದಿತ್ತು.

ತಾನಾಗಿ ತಿರುಗುವುದು ಹೇಗೆ? ಗರ್ಭಕೋಶ ತಲೆಕೆಳಗಾದ ಪೇರಲೆಯ ಆಕಾರದ್ದು, ಮೇಲೆ ಅಗಲ, ಕೆಳಗೆ ಕಿರಿದು. ಮಡಚಿದ ಕಾಲುಗಳ ಸಮೇತ ಪೃಷ್ಠದ ಗಾತ್ರ ತಲೆಗಿಂತ ಹೆಚ್ಚು, ಒದೆಯಲು ಜಾಗವೂ ಬೇಕು. ಹಾಗಾಗಿ ಮಗು ಬೆಳೆದಂತೆ ಒದ್ದಾಡುತ್ತ ಅಗಲದ ಕಡೆಗೆ ಕಾಲು, ಕಿರಿದಾದ ಕಡೆಗೆ ತಲೆ ಎಂದು ಹೊಂದಿಕೊಳ್ಳುತ್ತದೆ ಎಂಬುದು ಒಪ್ಪಿತವಾದ ವಿವರಣೆ. ಮಾಸು ಕೆಳಗೆ ಅಂಟಿದ್ದರೆ, ಗರ್ಭಕೋಶದ ನಡುವೆ ಪರದೆಯೋ ಗಡ್ಡೆಯೋ ಇದ್ದರೆ, ನೀರು ತೀರಾ ಕಡಿಮೆಯಾಗಿದ್ದರೆ ಈ ಹೊಂದಾಣಿಕೆ ತಪ್ಪಬಹುದು. ಕಾಲುಗಳನ್ನು ನೆಟ್ಟಗೆ ಮುಖದವರೆಗೆ ಚಾಚಿಕೊಂಡ ಮಗುವಿಗೂ ಕಷ್ಟ, ಆ ಕಾಲುಗಳೇ ಬೆನ್ನಿಗೆ ಕಟ್ಟಿದ ದಬ್ಬೆಯಂತಾಗಿ ಅದು ಬಾಗಲಾರದು. ಎಷ್ಟೋ ಸಲ ಯಾವ ಕಾರಣವೂ ಸಿಗುವುದಿಲ್ಲ. ತಾಯಿ ಹೇಗೆ ಮಲಗಿದಳು, ಏನು ತಿಂದಳು ಎಂದು ಮನೆಯವರು ತಪ್ಪು ಹುಡುಕುವುದಕ್ಕೆ ಅರ್ಥವಿಲ್ಲ.

ಈಗ ಒಂದು ಲೆಕ್ಕ. 28ನೇ ವಾರದಲ್ಲಿ ನೂರು ಗರ್ಭಿಣಿಯರನ್ನು ನೋಡಿದರೆ ಸುಮಾರು 20 ಮಂದಿಯಲ್ಲಿ ಮಗು ಉಲ್ಟಾ ಇರುತ್ತದೆ. ದಿನ ತುಂಬುವಾಗ ಹಾಗೇ ಉಳಿಯುವುದು 3 ಅಥವಾ 4 ಮಂದಿಯಲ್ಲಿ. ಅಂದರೆ ಆ 20 ಮಂದಿಯ ಹೊಟ್ಟೆ ಒತ್ತಿ ಮಗು ತಿರುಗಿಸಿದ ವೈದ್ಯ ‘ಗೆದ್ದೆ’ ಎಂದು ಬೀಗಿದರೆ, ಅದರಲ್ಲಿ ಹದಿನಾರು ಗೆಲುವು ಮಗುವಿನದೇ. ಅಪಾಯ ಮಾತ್ರ ಇಪ್ಪತ್ತೂ ಮಂದಿಗೆ. ಆದರೂ ದಿನ ತುಂಬಿದ ಮೇಲೆ ಜಾಗವಿರುವುದಿಲ್ಲ, ಆಗ ತಿರುಗಿಸಲಾಗದು ಎಂದೇ ಎಲ್ಲರೂ ನಂಬಿದ್ದರು. ಆದಷ್ಟು ಬೇಗ ತಿರುಗಿಸುತ್ತಿದ್ದರು, ಕೆಲವೆಡೆ ತಾಯಿಗೆ ಪೂರ್ತಿ ಅರಿವಳಿಕೆ ಕೊಟ್ಟೂ ಒತ್ತಿದರು. ನೋವಾಯಿತು ಎಂದು ಹೇಳುವವರೇ ಇಲ್ಲದಾಗ ಕೈಗೆ ಅಂಕೆ ಎಲ್ಲಿ? ಮಾಸು ಕಿತ್ತುಬಂದು ಮಕ್ಕಳು ಸತ್ತವು. ಅಷ್ಟರಲ್ಲಿ ಸಿಸೇರಿಯನ್ ಸುರಕ್ಷಿತವಾಗಿತ್ತು. 1970ರ ದಶಕದ ಹೊತ್ತಿಗೆ ಬಹಳ ಕಡೆ ಈ ವಿದ್ಯೆಯನ್ನು ಕೈಬಿಟ್ಟರು.

ಅದನ್ನು ಎತ್ತಿ ನಿಲ್ಲಿಸಿದ್ದೂ ಬರ್ಲಿನ್ನೇ. ಹೆರಿಗೆಯ ವೇಳೆ ಮಗುವಿನ ನೆತ್ತಿಯಿಂದ ಹನಿ ರಕ್ತ ತೆಗೆದು ಪರೀಕ್ಷಿಸುವುದನ್ನು ಕಲಿಸಿದ ಎರಿಕ್ ಸಾಲಿಂಗ್, ಸಹೋದ್ಯೋಗಿ ಮ್ಯುಲರ್-ಹೋಲ್ವೆ ಜೊತೆ 1975ರಲ್ಲಿ ಒಂದು ಲೇಖನ ಪ್ರಕಟಿಸಿದರು. ಅದರ ಸಾರ ಇಷ್ಟು: ದಿನ ತುಂಬುವವರೆಗೆ ಕಾಯಿರಿ, ಗರ್ಭಕೋಶದ ಬಿಗಿತ ಸಡಿಲಿಸುವ ಔಷಧ ಕೊಡಿ, ಆಮೇಲೆ ತಿರುಗಿಸಿ. ಹೆಚ್ಚಿನ ಮಕ್ಕಳು ತಿರುಗಿದವು. ಜಾಗ ಕಡಿಮೆ ಎಂಬುದು ನಿಜವಾದರೂ ಅಡ್ಡಿಯಾಗಿದ್ದುದು ಬಹುಪಾಲು ಸ್ನಾಯುವಿನ ಬಿಗಿತ. ಕಾದಿದ್ದರಿಂದ ಮತ್ತೆರಡು ಲಾಭಗಳಾದವು. ತಿರುಗಿದ ಮಗು ಜಾಗವಿಲ್ಲದೆ ಅಲ್ಲೇ ನಿಂತಿತು, ಪಟ್ಟಿ ಬೇಡವಾಯಿತು. ಎಡವಟ್ಟಾದರೆ ತಕ್ಷಣ ಸಿಸೇರಿಯನ್ ಮಾಡಿ ಬಲಿತ ಮಗುವನ್ನೇ ಹೊರತೆಗೆಯಬಹುದಾಯಿತು.

ಇಂದು ನಡೆಯುವುದೂ ಅದೇ. ಎರಡನೇ ಬಸುರಿನ, 37 ವಾರ ತುಂಬಿದ ಒಬ್ಬಳನ್ನು ಕಲ್ಪಿಸಿಕೊಳ್ಳಿ. ಸ್ಕ್ಯಾನಿನಲ್ಲಿ ಮಾಸು, ನೀರು, ಮಗುವಿನ ಭಂಗಿ ನೋಡುತ್ತಾರೆ, ಎದೆಬಡಿತದ ಗೆರೆ ತೆಗೆಯುತ್ತಾರೆ. ಟರ್ಬುಟಲಿನ್ 0.25 ಮಿಲಿಗ್ರಾಂ ಚರ್ಮದಡಿ ಚುಚ್ಚಿದ ಮೇಲೆ ಅವಳ ಎದೆ ಒಂದಷ್ಟು ಹೊತ್ತು ಡವಡವ ಅನ್ನುತ್ತದೆ. ಹೊಟ್ಟೆಗೆ ಜೆಲ್ ಸವರಿ ವೈದ್ಯೆ ಒಂದು ಕೈಯಿಂದ ಪೃಷ್ಠವನ್ನು ಮೂಳೆಗೂಡಿನಿಂದ ಮೇಲಕ್ಕೆತ್ತಿ ಪಕ್ಕಕ್ಕೆ ಸರಿಸುತ್ತಾಳೆ. ಇನ್ನೊಂದು ಕೈ ತಲೆಯನ್ನು ಎದುರು ದಿಕ್ಕಿಗೆ ತಳ್ಳುತ್ತದೆ, ಮಗು ಮುಂದಕ್ಕೆ ಲಾಗ ಹಾಕುವಂತೆ. ಆಗದಿದ್ದರೆ ಹಿಂದಕ್ಕೆ ಒಮ್ಮೆ. ನಡುನಡುವೆ ಬಡಿತ ನೋಡುತ್ತಾಳೆ. ಅದು ಇಳಿದೇ ಇದ್ದರೆ, ಅಥವಾ ತಾಯಿ ಸಾಕು ಅಂದರೆ, ಅಲ್ಲಿಗೆ ನಿಲ್ಲಿಸಬೇಕು. ತಾಯಿಯ ರಕ್ತ ನೆಗೆಟಿವ್ ಗುಂಪಿನದಾದರೆ ಆಂಟಿ-ಡಿ ಚುಚ್ಚುಮದ್ದು. ಒಟ್ಟಾರೆ ಅರ್ಧದಷ್ಟು ಮಂದಿಯಲ್ಲಿ ಫಲಿಸುತ್ತದೆ, ಮೊದಲೇ ಹೆತ್ತವರಲ್ಲಿ ಇನ್ನೂ ಹೆಚ್ಚು. ತುರ್ತು ಸಿಸೇರಿಯನ್ನಿಗೆ ಹೋಗುವುದು ಇನ್ನೂರಕ್ಕೆ ಒಬ್ಬರು. ಮಾಸು ಬಾಯಿಗಡ್ಡ ಇದ್ದರೆ, ನೀರು ಒಡೆದಿದ್ದರೆ, ರಕ್ತ ಹೋಗಿದ್ದರೆ ಇದಕ್ಕೆ ಕೈ ಹಾಕುವುದಿಲ್ಲ.

ಫಲಿಸದಿದ್ದರೆ ಸಿಸೇರಿಯನ್ನೋ, ಹಾಗೇ ಹೆರಿಗೆಯೋ? 2000ದಲ್ಲಿ ಮೇರಿ ಹನ್ನಾ ನೇತೃತ್ವದಲ್ಲಿ 26 ದೇಶಗಳ ಎರಡು ಸಾವಿರಕ್ಕೂ ಹೆಚ್ಚು ತಾಯಂದಿರ ಮೇಲೆ ನಡೆದ ಅಧ್ಯಯನ ಸಿಸೇರಿಯನ್ ಪರ ನಿಂತಿತು. ಮಗುವಿಗೆ ಸಾವು ಅಥವಾ ತೀವ್ರ ತೊಂದರೆ ಅಲ್ಲಿ ನೂರಕ್ಕೆ 1.6, ಸಹಜ ಹೆರಿಗೆಗೆ ಹೊರಟವರಲ್ಲಿ 5. ಜಗತ್ತೇ ಕತ್ತಿಯ ಕಡೆ ವಾಲಿತು. ಆದರೆ ಎರಡು ವರ್ಷದ ಬಳಿಕ ಅದೇ ಮಕ್ಕಳಲ್ಲಿ ಕೆಲವರನ್ನು ಪರೀಕ್ಷಿಸಿದಾಗ ಆ ಅಂತರ ಕಾಣಲಿಲ್ಲ. 2006ರಲ್ಲಿ ಫ್ರಾನ್ಸ್ ಮತ್ತು ಬೆಲ್ಜಿಯಂ ಆಸ್ಪತ್ರೆಗಳು ಯಾರಿಗೆ ಸಹಜ ಹೆರಿಗೆ ಎಂದು ಅಳೆದು ತೂಗಿ ಆರಿಸಿ, ನುರಿತ ಕೈಗಳಿಗೆ ಒಪ್ಪಿಸಿದಾಗ ಎರಡೂ ದಾರಿಗಳ ನಡುವೆ ಗಮನಾರ್ಹ ವ್ಯತ್ಯಾಸ ಸಿಗಲಿಲ್ಲ. ತೊಡಕೆಂದರೆ, ಅಷ್ಟರಲ್ಲಿ ಆ ನುರಿತ ಕೈಗಳೇ ಕಡಿಮೆಯಾಗಿದ್ದವು. ಹಾಗಾಗಿ ಈ ಆಯ್ಕೆ ಕೇಳುವವರು ವೈದ್ಯರನ್ನು ‘ನೀವು ಇಂಥ ಹೆರಿಗೆ ಎಷ್ಟು ಮಾಡಿಸಿದ್ದೀರಿ?’ ಎಂದೇ ಮೊದಲು ಕೇಳಬೇಕು.

ಸಿಸೇರಿಯನ್ ಎಂದು ನಿಶ್ಚಯವಾದರೆ ಸಾಮಾನ್ಯವಾಗಿ 39ನೇ ವಾರಕ್ಕೆ ದಿನ ಗೊತ್ತು ಮಾಡುತ್ತಾರೆ. ಆ ಬೆಳಿಗ್ಗೆ ಥಿಯೇಟರಿಗೆ ಒಯ್ಯುವ ಮೊದಲು ಇನ್ನೊಮ್ಮೆ ಸ್ಕ್ಯಾನ್ ಮಾಡುವುದು ರೂಢಿ. ಅಪರೂಪಕ್ಕೆ, ಎಲ್ಲರೂ ಕೈಚೆಲ್ಲಿದ ಮೇಲೆ, ಮಗು ರಾತ್ರೋರಾತ್ರಿ ತಾನೇ ತಿರುಗಿರುತ್ತದೆ.