ಸಂಕೋಚದ ಸಂಗಾತಿಗೆ ಪ್ರಪೋಸ್ ಮಾಡುವಾಗ

ಮಾಲ್‌ನಲ್ಲೋ ಹೋಟೆಲಿನಲ್ಲೋ ಒಬ್ಬರು ಮಂಡಿಯೂರಿ ಉಂಗುರ ಹಿಡಿದಿರುತ್ತಾರೆ, ಸುತ್ತ ನಿಂತವರು ಮೊಬೈಲ್ ಎತ್ತಿರುತ್ತಾರೆ, ಎದುರಿಗಿರುವವರು ಎರಡೂ ಕೈಗಳಿಂದ ಮುಖ ಮುಚ್ಚಿಕೊಳ್ಳುತ್ತಾರೆ. ಇಂಥ ವಿಡಿಯೊಗಳನ್ನು ನೋಡುವಾಗಲೆಲ್ಲ ನನ್ನ ಕಣ್ಣು ಆ ಕೈಗಳ ಮೇಲೇ ಹೋಗುತ್ತದೆ. ಅದು ಸಂತೋಷವಿರಬಹುದು. ಇಷ್ಟು ಜನರ ಎದುರು ತಾನು ಕಾಣದೆ ಹೋದರೆ ಸಾಕು ಎಂಬ ತಳಮಳವೂ ಇರಬಹುದು. ಸಂಕೋಚದ ಸ್ವಭಾವದವರಿಗೆ ಆ ಕ್ಷಣದಲ್ಲಿ ಎರಡು ಕೆಲಸ ಒಟ್ಟಿಗೆ ಬೀಳುತ್ತವೆ: ಬದುಕಿನ ದೊಡ್ಡದೊಂದು ಪ್ರಶ್ನೆಗೆ ಉತ್ತರ ಹುಡುಕುವುದು, ನೋಡುತ್ತಿರುವವರಿಗೆ ಬೇಕಾದ ಮುಖಭಾವ ಕೊಡುವುದು. ಎರಡನೆಯದನ್ನು ಅವರ ತಲೆಯ ಮೇಲಿಂದ ಇಳಿಸುವುದೇ ಈ ಯೋಜನೆಯ ಮುಖ್ಯ ಭಾಗ.

ಒಂದು ಜೋಡಿಯನ್ನು ಕಲ್ಪಿಸಿಕೊಳ್ಳೋಣ. ಮೈಸೂರಿನವರು. ಅವಳು ಬ್ಯಾಂಕಿನಲ್ಲಿದ್ದಾಳೆ, ಅವನು ಹೈಸ್ಕೂಲಿನಲ್ಲಿ ಗಣಿತದ ಮೇಷ್ಟ್ರು. ಸ್ಟಾಫ್‌ರೂಮಿನಲ್ಲಿ ತನ್ನ ಹುಟ್ಟುಹಬ್ಬಕ್ಕೆ ಕೇಕ್ ಕತ್ತರಿಸುತ್ತಾರೆಂದು ಆ ದಿನ ರಜೆ ಹಾಕುವಂಥ ಮನುಷ್ಯ. ಮದುವೆಯ ಮಾತು ಮೊದಲು ತನ್ನ ಬಾಯಿಂದ ಬರಲಿ ಎಂದು ಅವಳಿಗೆ ಆಸೆ.

ಅವಳು ಮೊದಲು ಮಾಡಬೇಕಾದದ್ದು ಅಚ್ಚರಿಯ ಪಾಲನ್ನು ತಗ್ಗಿಸುವುದು. ಇಂಥವರ ಮುಂದೆ ಇಡುವ ಪ್ರಶ್ನೆ ಹೊಸದಾಗಿರಬಾರದು, ಅದು ಬರುವ ದಿನವಷ್ಟೇ ತಿಳಿಯದಿರಬೇಕು. ಎಂದರೆ ಮದುವೆ ಬೇಕೇ, ಎಷ್ಟು ಬೇಗ, ಎಲ್ಲಿ ಇರುವುದು, ಎರಡೂ ಮನೆಯವರು ಒಪ್ಪಿಯಾರೇ ಎಂಬ ಮಾತುಗಳು ತಿಂಗಳುಗಳ ಮೊದಲೇ ಇಬ್ಬರ ನಡುವೆ ಆಗಿರಬೇಕು. ಅವನ ಮನಸ್ಸು ತಿಳಿಯಲು ಸುಲಭದ ದಾರಿಯೂ ಇದೆ. ಯಾರದೋ ಪ್ರಪೋಸಲ್ ವಿಡಿಯೊ ಒಟ್ಟಿಗೆ ನೋಡುವಾಗ ‘ಇದು ನಿನಗಾಗಿದ್ದರೆ ಏನು ಮಾಡ್ತಿದ್ದೆ?’ ಎಂದು ಕೇಳಿದರೆ ಸಾಕು. ‘ಓಡಿಹೋಗ್ತಿದ್ದೆ’ ಎಂದು ಅವನು ನಕ್ಕರೆ ಆ ಮಾತನ್ನು ಅಕ್ಷರಶಃ ತೆಗೆದುಕೊಳ್ಳಬೇಕು.

ಇನ್ನು ಜಾಗ. ಮೈಸೂರಿನಲ್ಲಿ ಮೊದಲು ನೆನಪಾಗುವುದು ಕುಕ್ಕರಹಳ್ಳಿ ಕೆರೆ ಏರಿ. ಆದರೆ ಬೆಳಿಗ್ಗೆ ವಾಕಿಂಗ್‌ಗೆ ಬರುವವರಲ್ಲಿ ಅವನ ಹಳೆಯ ವಿದ್ಯಾರ್ಥಿಯ ಅಪ್ಪನೋ ಅಮ್ಮನೋ ಸಿಗುವ ಸಂಭವ ಹೆಚ್ಚು. ಅಪರಿಚಿತರ ಗುಂಪಿಗಿಂತ ಹೀಗೆ ಎದುರಾಗುವ ಒಬ್ಬ ಪರಿಚಿತ ಸಂಕೋಚದವರನ್ನು ಹೆಚ್ಚು ಕಂಗೆಡಿಸುತ್ತಾನೆ. ಬೃಂದಾವನದ ಕಾರಂಜಿಯ ಹೊತ್ತಿನಲ್ಲಿ ಜನವೋ ಜನ. ಬೆಂಗಳೂರಿನವರು ಆಸೆಪಡುವ ನಂದಿಬೆಟ್ಟದ ಸೂರ್ಯೋದಯವೂ ಭಾನುವಾರ ಹಾಗೆಯೇ. ಹೊರಗಿನ ಜಾಗವೇ ಬೇಕೆಂದಿದ್ದರೆ, ಅದೇ ವಾರ, ಅದೇ ಗಂಟೆಗೆ ಮೊದಲೊಮ್ಮೆ ಒಬ್ಬರೇ ಹೋಗಿ ಅಲ್ಲಿ ಅರ್ಧ ಗಂಟೆ ಕೂತು ನೋಡಬೇಕು. ಮಂಗಳವಾರ ಖಾಲಿಯಿದ್ದ ಕಲ್ಲುಬೆಂಚಿನ ಸುತ್ತ ಭಾನುವಾರ ಪ್ರೀ-ವೆಡ್ಡಿಂಗ್ ಫೋಟೊ ತೆಗೆಯುವವರ ಮೂರು ತಂಡ ಇರಬಹುದು.

ಜನ ಇಲ್ಲದಿದ್ದರಷ್ಟೇ ಸಾಲದು, ಎದ್ದು ಹೋಗುವ ದಾರಿಯೂ ಇರಬೇಕು. ದೋಣಿಯ ನಡುವೆ, ಚಾರಣದ ಅರ್ಧದಲ್ಲಿ, ಎರಡು ದಿನ ಉಳಿಯಬೇಕಾದ ಹೋಮ್‌ಸ್ಟೇಯ ಮೊದಲ ಸಂಜೆ ಕೇಳಿದರೆ, ಯೋಚಿಸಲು ಸಮಯ ಬೇಕಾದವನು ಎಲ್ಲಿಗೂ ಹೋಗಲಾರ. ಹೋಟೆಲ್, ಹೋಮ್‌ಸ್ಟೇಗಳಲ್ಲಿ ಇನ್ನೊಂದು ತೊಡಕಿದೆ. ಕಾದಿರಿಸುವಾಗ ‘ಸ್ಪೆಷಲ್ ಅಕೇಷನ್’ ಎಂದರೆ ಸಾಕು, ಅವರು ಒಳ್ಳೆಯ ಮನಸ್ಸಿನಿಂದಲೇ ಹಾಸಿಗೆಯ ಮೇಲೆ ಗುಲಾಬಿ ಪಕಳೆ ಹರಡುತ್ತಾರೆ, ಕೇಕ್ ತಂದು ಸುತ್ತ ನಿಂತು ಚಪ್ಪಾಳೆ ತಟ್ಟುತ್ತಾರೆ. ಅಲ್ಲಿ ಬಾಯಿ ಬಿಡದಿರುವುದೇ ಕ್ಷೇಮ.

ಹೀಗೆ ಒಂದೊಂದನ್ನೇ ಬಿಡುತ್ತ ಬಂದರೆ ನಮ್ಮ ಬ್ಯಾಂಕಿನ ಹುಡುಗಿಗೆ ಉಳಿಯುವುದು ಅವನ ಬಾಡಿಗೆ ಮನೆ, ಭಾನುವಾರದ ಬೆಳಗು. ಅವನು ಫಿಲ್ಟರ್ ಕಾಫಿ ಮಾಡುತ್ತಾನೆ, ಇಬ್ಬರೂ ಜಗುಲಿಯಲ್ಲಿ ಕೂತು ಪೇಪರ್ ಓದುತ್ತಾರೆ. ಇದು ಅವರ ರೂಢಿ. ರೂಢಿ ಮುರಿಯದ ಕಾರಣ ಅವನಿಗೆ ಅನುಮಾನವೂ ಬಾರದು, ಎದೆಬಡಿತವೂ ಏರದು. ಅವಳು ಹೊರಗಿನವರೊಂದಿಗೆ ಮಾತಾಡಬೇಕಾದದ್ದು ಒಂದೇ ವಿಷಯಕ್ಕೆ: ಅವನ ಜೊತೆ ಮನೆ ಹಂಚಿಕೊಂಡಿರುವ ಗೆಳೆಯ ಆ ಶನಿವಾರ ಊರಿಗೆ ಹೋಗುವಂತೆ ನೋಡಿಕೊಳ್ಳುವುದು. ಅವನಿಗೂ ಕಾರಣ ಹೇಳಬೇಕಿಲ್ಲ. ಹೇಳಿದರೆ ಭಾನುವಾರ ಹತ್ತು ಗಂಟೆಗೆ ‘ಏನಾಯ್ತು?’ ಎಂದು ಫೋನ್ ಬರುತ್ತದೆ.

ಪ್ರಶ್ನೆಯನ್ನು ಹೇಗೆ ಇಡುವುದು? ನನ್ನ ಆಯ್ಕೆ ಕೈಬರಹದ ಪತ್ರ. ಬಾಯಲ್ಲಿ ಕೇಳಿದರೆ ಕೇಳಿದವರ ಕಣ್ಣು ಉತ್ತರಿಸುವವರ ಮುಖದ ಮೇಲೇ ಇರುತ್ತದೆ; ಆ ಒಬ್ಬರ ನೋಟವೂ ಕೆಲವರಿಗೆ ಭಾರ. ಪತ್ರವಾದರೆ ಅವನು ತಲೆ ತಗ್ಗಿಸಿ ಓದಬಹುದು, ಮತ್ತೆ ಮೊದಲಿಂದ ಓದಬಹುದು. ಒಂದು ಪುಟ ಸಾಕು. ಹೊಗಳಿಕೆ ಕಡಿಮೆಯಿರಲಿ, ಇಬ್ಬರಿಗೂ ಗೊತ್ತಿರುವ ಎರಡು ಮೂರು ಘಟನೆಗಳಿರಲಿ: ಅವಳಪ್ಪ ಆಸ್ಪತ್ರೆಯಲ್ಲಿದ್ದಾಗ ಅವನು ರಾತ್ರಿಯಿಡೀ ಮಾತಿಲ್ಲದೆ ಜೊತೆಗೆ ಕೂತದ್ದು, ಅಂಥವು. ಕೊನೆಯ ಸಾಲಿನಲ್ಲಿ ಸುತ್ತುಬಳಸಿಲ್ಲದೆ ‘ನನ್ನನ್ನು ಮದುವೆಯಾಗ್ತೀಯಾ?’ ಎಂದಿರಬೇಕು. ಅದರ ಕೆಳಗೆ, ‘ಈಗಲೇ ಉತ್ತರ ಹೇಳಬೇಕೆಂದಿಲ್ಲ’ ಎಂದು ಬರೆದು, ಅದನ್ನು ನಿಜವಾಗಿಯೂ ಪಾಲಿಸಬೇಕು. ಪತ್ರವನ್ನು ಪೇಪರಿನ ಪುರವಣಿಯ ಪಕ್ಕದಲ್ಲಿಟ್ಟು ಅವಳು ಇನ್ನೊಂದು ಲೋಟ ಕಾಫಿ ತರಲು ಒಳಗೆ ಹೋಗಲಿ. ಹಾಲು ಕಾಯುವಷ್ಟು ಹೊತ್ತು ಅವನಿಗೆ ಸಿಕ್ಕಂತಾಯಿತು.

ವಾಪಸ್ಸು ಬಂದಾಗ ಎದುರಿಗಿಂತ ಪಕ್ಕದಲ್ಲಿ ಕೂರುವುದು ಮೇಲು. ಆಮೇಲಿನದ್ದೇ ಕಠಿಣ ಭಾಗ: ಅವನು ಮೌನವಾಗಿರಬಹುದು. ಇಂಥವರ ಮೌನ ನಿರಾಕರಣೆಯಾಗಿರಬೇಕೆಂದಿಲ್ಲ. ಆ ಮೌನವನ್ನು ತುಂಬಲು ಹೋಗಿ ‘ಯಾಕೆ, ಇಷ್ಟ ಆಗ್ಲಿಲ್ವಾ?’ ಎಂದರೆ ಅವನಿಗೆ ಎರಡನೇ ಪ್ರಶ್ನೆಯೊಂದು ಎದುರಾಗುತ್ತದೆ. ಪತ್ರವನ್ನು ಜೋಪಾನವಾಗಿ ಮಡಚಿ ಜೇಬಿಗಿಟ್ಟುಕೊಂಡರೆ ಅದೊಂದು ಸೂಚನೆ. ಪತ್ರವನ್ನು ಮೇಜಿನ ಮೇಲೆಯೇ ಬಿಟ್ಟು, ಮಾತು ಬದಲಿಸಿ, ಗಂಟೆಗಳ ನಂತರವೂ ಆ ವಿಷಯಕ್ಕೆ ಮರಳದಿದ್ದರೆ, ಸಂಜೆ ಒಂದೇ ಒಂದು ಸಲ ‘ಯೋಚಿಸೋಕೆ ಇನ್ನೂ ಎಷ್ಟು ದಿನ ಬೇಕು, ಹೇಳು’ ಎಂದು ಕೇಳಬಹುದು. ಹೀಗಾಗಿಯೇ ಆ ದಿನ ಬೇರೆ ಕಾರ್ಯಕ್ರಮ ಇಟ್ಟುಕೊಳ್ಳಬಾರದು. ಮಧ್ಯಾಹ್ನ ಯಾರದೋ ಗೃಹಪ್ರವೇಶದ ಊಟಕ್ಕೆ ಹೋಗಬೇಕಿದ್ದರೆ ಅವನು ಕೆಂಪೇರಿದ ಮುಖ ಹೊತ್ತು ನೂರು ಜನರ ನಡುವೆ ನಿಲ್ಲಬೇಕಾಗುತ್ತದೆ.

ಉಂಗುರ ಬೇಡವೇ ಎಂದು ಕೇಳುವವರಿದ್ದಾರೆ. ಎಂದೂ ಉಂಗುರ ತೊಡದ ಮೇಷ್ಟ್ರ ಬೆರಳಲ್ಲಿ ಸೋಮವಾರ ಅದು ಹೊಳೆದರೆ ಇಡೀ ಸ್ಟಾಫ್‌ರೂಮ್ ಪ್ರಶ್ನೆ ಕೇಳುತ್ತದೆ. ಅದಕ್ಕೂ ಮುಂಚೆ ಅಳತೆಯ ಕಷ್ಟವಿದೆ. ನಮ್ಮ ಅಂಗಡಿಗಳ ಅಳತೆಯಲ್ಲಿ ಒಂದು ನಂಬರಿಗೂ ಇನ್ನೊಂದಕ್ಕೂ ಸುತ್ತಳತೆಯಲ್ಲಿ ಒಂದೇ ಮಿಲಿಮೀಟರ್ ವ್ಯತ್ಯಾಸ. 12ನೇ ನಂಬರೆಂದರೆ ಒಳಸುತ್ತು ಸುಮಾರು 52 ಮಿಲಿಮೀಟರ್. ನಿದ್ದೆಯಲ್ಲಿದ್ದಾಗ ದಾರ ಸುತ್ತಿ ಅಳೆಯುವ ಉಪಾಯ ಬೆರಳಿನ ಬುಡವನ್ನಷ್ಟೇ ಅಳೆಯುತ್ತದೆ, ಉಂಗುರ ದಾಟಬೇಕಾದ ಗೆಣ್ಣನ್ನು ಮರೆಯುತ್ತದೆ. ಅವನು ಒಪ್ಪಿದ ಮೇಲೆ ಇಬ್ಬರೂ ವಾರದ ನಡುವಿನ ಒಂದು ಮಧ್ಯಾಹ್ನ ಖಾಲಿ ಅಂಗಡಿಗೆ ಹೋಗಿ ಕೊಳ್ಳುವುದೇ ನನಗೆ ಸರಿ ಕಾಣುತ್ತದೆ. ಅದನ್ನು ಯಾವತ್ತಿಂದ ತೊಡುವುದೆಂದು ಅವನೇ ತೀರ್ಮಾನಿಸಲಿ.

ಕೊನೆಯದಾಗಿ ಸುದ್ದಿಯ ವಿಚಾರ. ನಿಶ್ಚಿತಾರ್ಥ, ಲಗ್ನಪತ್ರಿಕೆ, ಆರತಕ್ಷತೆಯ ಸಾಲು, ಇವೆಲ್ಲ ಮುಂದೆ ಹೇಗೂ ಜನರ ನಡುವೆಯೇ ನಡೆಯುತ್ತವೆ. ಇವರಿಬ್ಬರಿಗಷ್ಟೇ ಸೇರಿದ್ದೆಂದರೆ ಈ ಒಂದು ಬೆಳಗು. ಹಾಗಾಗಿ ಅವನ ಒಪ್ಪಿಗೆಯಿಲ್ಲದೆ ವಾಟ್ಸಾಪ್ ಸ್ಟೇಟಸ್ ಬೇಡ, ಬಾಗಿಲ ಹಿಂದೆ ಅಡಗಿಸಿಟ್ಟ ಕ್ಯಾಮೆರಾವೂ ಬೇಡ. ಯಾರಿಗೆ ಮೊದಲು ಹೇಳುವುದೆಂದು ಇಬ್ಬರೂ ಕೂತು ಮಾತಾಡಿಕೊಳ್ಳಲಿ. ಅವನು ‘ಅಮ್ಮನಿಗೆ ನಾನೇ ಹೇಳ್ತೀನಿ, ಊರಿಗೆ ಹೋದಾಗ’ ಎಂದರೆ, ಅಲ್ಲಿಯವರೆಗೆ ಅವಳು ತನ್ನ ಅಕ್ಕನಿಗೂ ಫೋನ್ ಮಾಡದೆ ಕಾಯಬೇಕು.